‘ಅಕ್ಕಾ, ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡಿ’: ಹೊಳೆಯುವ ಆಟಿಕೆಯ ಫೋಟೋದಲ್ಲಿ ತಪ್ಪು ಹುಡುಕುವ ಬಗೆ

ಚನ್ನಪಟ್ಟಣದಿಂದ ಒಬ್ಬ ಹುಡುಗ ಒಂದು ಫೋಟೋ ಕಳಿಸಿದ್ದ. ಅವನ ಅಪ್ಪ ಲೇತ್ ಮೇಲೆ ಮರದ ಆಟಿಕೆ ಮಾಡುತ್ತಾರೆ. ಫೋಟೋದಲ್ಲಿ ಇದ್ದದ್ದು ಮಕ್ಕಳು ಬಳೆ ಪೇರಿಸಿ ಆಡುವ ಗೋಪುರ. ಒಂದು ಕಡ್ಡಿ, ಅದರಲ್ಲಿ ಐದು ಬಣ್ಣದ ಬಳೆ, ಎತ್ತರ ಸುಮಾರು 18 ಸೆಂ.ಮೀ. ಜೊತೆಗೆ ಒಂದೇ ಸಾಲು: ‘ಅಕ್ಕಾ, ಇದನ್ನ ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಿಕೊಡಿ.’

ಇಂಥ ಸಾಲು ನನಗೆ ವಾರಕ್ಕೆ ಎರಡು ಮೂರಾದರೂ ಬರುತ್ತದೆ. ‘ಮೈಯಲ್ಲಿ ಹುಷಾರಿಲ್ಲ’ ಎಂದು ಹೇಳಿದ ಹಾಗೆ ಅದು. ಏನೋ ಸರಿಯಿಲ್ಲ ಅಂತ ಕಳಿಸಿದವರಿಗೆ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಆಗ ತಕ್ಷಣ ಎಡಿಟಿಂಗ್ ಆ್ಯಪ್ ತೆರೆದು ಬೆಳಕು, ಬಣ್ಣ ಎಲ್ಲ ಜಾಸ್ತಿ ಮಾಡಿಬಿಟ್ಟರೆ ಕೆಲಸ ಕೆಡುತ್ತದೆ. ತಪ್ಪು ಬೆಳಕಿನಲ್ಲಿದೆಯೋ, ಹಿನ್ನೆಲೆಯಲ್ಲಿದೆಯೋ, ಕ್ರಾಪ್‌ನಲ್ಲಿದೆಯೋ ಎಂದು ಮೊದಲು ಕಂಡುಹಿಡಿಯಬೇಕು. ನಾನು ಹುಡುಕುವುದೂ ಇದೇ ಕ್ರಮದಲ್ಲಿ. ಬೆಳಕು ಕೆಟ್ಟಿದ್ದರೆ ಉಳಿದ ಎರಡನ್ನು ಸರಿ ಮಾಡಿ ಪ್ರಯೋಜನವಿಲ್ಲ.

ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ‘ಈ ಫೋಟೋ ಎಲ್ಲಿ ಹಾಕ್ತೀಯಪ್ಪ?’ ಅವನ ಉತ್ತರ, ‘ಅಮೆಜಾನ್‌ಗೆ ಒಂದು, ವಾಟ್ಸಾಪ್ ಗ್ರೂಪ್‌ಗೆ ಒಂದು.’ ಈ ಉತ್ತರವಿಲ್ಲದೆ ಹಿನ್ನೆಲೆ ಯಾವುದು, ಕ್ರಾಪ್ ಎಷ್ಟು ಎಂದು ಹೇಳಲು ಆಗುವುದಿಲ್ಲ. ಬೆಳಕಿನ ವಿಷಯ ಮಾತ್ರ ಎರಡಕ್ಕೂ ಒಂದೇ.

ಬಿಳಿ ಗೆರೆಗಳನ್ನು ಓದುವುದು

ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಒಂದು ಬಳೆಯನ್ನು ನೋಡಿದೆ. ಕೆಂಪು ಬಳೆಯ ಮೇಲೆ ಎರಡು ಬಿಳಿ ಗೆರೆ. ಹಳದಿಯ ಮೇಲೂ ಎರಡು, ನೀಲಿಯ ಮೇಲೂ ಎರಡು. ಗೆರೆಗಳ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆ.

ಅರಗು ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದ ಮರ ಕನ್ನಡಿಯ ಹಾಗೆ ವರ್ತಿಸುತ್ತದೆ. ಅದರ ಮೇಲೆ ಕಾಣುವ ಬಿಳುಪು ಬಣ್ಣದ ದೋಷವಲ್ಲ, ಕೋಣೆಯ ದೀಪದ ಪ್ರತಿಬಿಂಬ. ಆದ್ದರಿಂದ ಆ ಬಿಳುಪಿನ ಆಕಾರ ನೋಡಿದರೆ ಕೋಣೆಯಲ್ಲಿ ಏನಿತ್ತು ಅಂತ ಹೇಳಬಹುದು. ಉದ್ದ ಗೆರೆಯಾದರೆ ಟ್ಯೂಬ್‌ಲೈಟ್. ಚೌಕವಾದರೆ ಕಿಟಕಿ. ಸಣ್ಣ ಉರಿಯುವ ಚುಕ್ಕಿಯಾದರೆ ಬಲ್ಬು ಅಥವಾ ಫೋನಿನ ಫ್ಲ್ಯಾಶ್. ಕಪ್ಪು ಮಚ್ಚೆ ಎಂದರೆ ಬೆಳಕಿಗೆ ಬೆನ್ನು ಮಾಡಿ ನಿಂತು ಫೋನ್ ಹಿಡಿದ ಮನುಷ್ಯ. ಹುಡುಗನಿಗೆ ಕೇಳಿದೆ: ‘ಮೇಲೆ ಎರಡು ಟ್ಯೂಬ್‌ಲೈಟ್ ಇದೆ ಅಲ್ವಾ?’ ‘ಹೌದಕ್ಕಾ, ನಿಮಗೆ ಹೇಗೆ ಗೊತ್ತಾಯ್ತು?’ ಎಂದ. ಅವನ ಬಳೆಯೇ ಹೇಳಿತ್ತು.

ಈಗ ಮುಖ್ಯವಾದ ಪರೀಕ್ಷೆ. ಎಡಿಟಿಂಗ್‌ನಲ್ಲಿ ಬೆಳಕನ್ನು ಪೂರಾ ಕಡಿಮೆ ಮಾಡಿ ನೋಡಿ. ಬಿಳಿ ಗೆರೆಯ ಜಾಗದಲ್ಲಿ ಕೆಂಪು ಬಣ್ಣ ಮತ್ತೆ ಕಾಣಿಸಿಕೊಂಡರೆ ಆ ಫೋಟೋವನ್ನು ಉಳಿಸಬಹುದು. ಬರೀ ಬೂದು ಬಣ್ಣ ಬಂದರೆ ಅಲ್ಲಿ ಏನೂ ಉಳಿದಿಲ್ಲ. ಫೋಟೋದ ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕೆ ಇರುತ್ತವೆ, ಪ್ರತಿಯೊಂದೂ 0ರಿಂದ 255ರವರೆಗೆ. ಮೂರೂ 255 ಮುಟ್ಟಿದರೆ ಕ್ಯಾಮೆರಾ ಅಲ್ಲಿ ಬಿಳಿ ಎಂದಷ್ಟೇ ಬರೆದುಕೊಂಡಿರುತ್ತದೆ. ಆ ಜಾಗದ ಬಣ್ಣವಾಗಲಿ, ಲೇತ್ ಉಳಿ ಬಿಟ್ಟ ಸಣ್ಣ ಗೆರೆಯಾಗಲಿ ಯಾವ ಆ್ಯಪ್‌ನಿಂದಲೂ ವಾಪಸ್ ಬರುವುದಿಲ್ಲ. ಈ ಹುಡುಗನ ಫೋಟೋದಲ್ಲಿ ಬೂದು ಬಂತು. ಅಂದರೆ ಮತ್ತೆ ತೆಗೆಯಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಗಂಟೆ ಎಡಿಟ್ ಮಾಡಿ ಆಮೇಲೆ ಹೇಳಿದರೆ ಇಬ್ಬರ ಸಮಯವೂ ಹಾಳು.

ಹಾಗಾದರೆ ಆಟಿಕೆಯನ್ನು ಸ್ವಲ್ಪ ತಿರುಗಿಸಿದರೆ ಗೆರೆ ಹೋಗುತ್ತದಾ? ಚಪ್ಪಟೆ ವಸ್ತುವಾದರೆ ಹೋಗುತ್ತದೆ. ಫೋಟೋ ಫ್ರೇಮಿನ ಗಾಜನ್ನು ಓರೆ ಮಾಡಿದರೆ ಪ್ರತಿಬಿಂಬ ಪಕ್ಕಕ್ಕೆ ಸರಿಯುವುದನ್ನು ನೋಡಿರುತ್ತೀರಿ. ಬಳೆ ಉಬ್ಬಿಕೊಂಡಿರುತ್ತದೆ, ಸುತ್ತಲೂ ಬಾಗಿರುತ್ತದೆ. ಹಾಗಾಗಿ ಅದಕ್ಕೆ ಕೋಣೆಯ ಬಹುಪಾಲು ಒಟ್ಟಿಗೆ ಕಾಣುತ್ತದೆ. ಹೇಗೆ ತಿರುಗಿಸಿದರೂ ದೀಪ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಲೆನ್ಸ್ ಮುಂದೆ ಹಾಕಿ ಪ್ರತಿಬಿಂಬ ಕಡಿಮೆ ಮಾಡುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಕಾ ಎಂದು ಕೆಲವರು ಕೇಳುತ್ತಾರೆ. ಅದು ಕೆಲವು ಓರೆ ಕೋನದ ಹೊಳಪನ್ನು ಮಾತ್ರ ಚೆನ್ನಾಗಿ ಕತ್ತರಿಸುತ್ತದೆ. ಉಬ್ಬಿದ ಬಳೆಯಲ್ಲಿ ಎಲ್ಲ ಕೋನವೂ ಇರುವುದರಿಂದ ಒಂದು ಕಡೆ ಹೋಗಿ ಇನ್ನೊಂದು ಕಡೆ ಉಳಿಯುತ್ತದೆ. ಈ ಕೆಲಸಕ್ಕೆ ಅದಕ್ಕೆ ದುಡ್ಡು ಹಾಕಬೇಡಿ.

ಹೊಳಪನ್ನು ಪೂರಾ ತೆಗೆಯಲೂ ಬಾರದು. ಹೊಳಪಿಲ್ಲದ ಅರಗಿನ ಆಟಿಕೆ ಪ್ಲಾಸ್ಟಿಕ್ಕಿನ ಹಾಗೆ ಮಂಕಾಗಿ ಕಾಣುತ್ತದೆ. ಆ ಹೊಳಪು ಅವರಪ್ಪ ಗರಿ ಹಿಡಿದು ಉಜ್ಜಿ ತಂದಿದ್ದು, ಅದು ಫೋಟೋದಲ್ಲಿ ಇರಲೇಬೇಕು. ನಮ್ಮ ಕೈಯಲ್ಲಿ ಇರುವುದು, ಬಳೆಗೆ ಏನು ಕಾಣಬೇಕು ಎಂಬ ಆಯ್ಕೆ. ಸಣ್ಣ ಉರಿಯುವ ದೀಪದ ಬದಲು ದೊಡ್ಡ ಮೆತ್ತಗಿನ ಬೆಳಕು ಕಂಡರೆ ಅದೇ ಹೊಳಪು ಅಗಲವಾಗಿ ಹರಡಿ, ಅಂಚಿನಲ್ಲಿ ನಿಧಾನವಾಗಿ ಬಣ್ಣಕ್ಕೆ ಕರಗುತ್ತದೆ. ಆಗ ಬಳೆ ದುಂಡಗೆ, ತುಂಬಿಕೊಂಡು ಕಾಣುತ್ತದೆ.

ಕಿಟಕಿ, ಪಂಚೆ, ಥರ್ಮೋಕೋಲ್

ಹುಡುಗನಿಗೆ ಹೇಳಿದ್ದು ಇಷ್ಟು. ಕೋಣೆಯ ದೀಪ ಎಲ್ಲ ಆರಿಸು. ದೊಡ್ಡ ಕಿಟಕಿಯ ಪಕ್ಕ ಒಂದು ಮೇಜು ಹಾಕು. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಕಿಟಕಿಗೆ ಒಂದು ಹಳೆಯ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಕಟ್ಟು. ಪಂಚೆಯ ಬಣ್ಣದ ಅಂಚು ಬೆಳಕು ಬರುವ ಜಾಗಕ್ಕೆ ಬರದಿರಲಿ, ಇಲ್ಲದಿದ್ದರೆ ಅದೂ ಬಳೆಯಲ್ಲಿ ಕಾಣುತ್ತದೆ. ಆಟಿಕೆಯನ್ನು ಕಿಟಕಿಯಿಂದ ಎರಡು ಅಡಿ ದೂರದಲ್ಲಿ ಇಡು. ಕಿಟಕಿ ನಿನ್ನ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ.

ಎರಡು ಅಡಿ ಎಂದು ಅಳತೆ ಹೇಳಿದ್ದಕ್ಕೆ ಕಾರಣ ಇದೆ. ಬೆಳಕು ಮೆತ್ತಗೆ ಬೀಳುತ್ತದೋ ಕಟುವಾಗಿ ಬೀಳುತ್ತದೋ ಎಂಬುದು, ವಸ್ತುವಿಗೆ ಆ ಕಿಟಕಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಮೂರಡಿ ಅಗಲದ ಕಿಟಕಿ ಎರಡಡಿ ದೂರದಿಂದ ಇಡೀ ಗೋಡೆಯಷ್ಟು ದೊಡ್ಡದು. ಅದೇ ಕಿಟಕಿ ಕೋಣೆಯ ಆಚೆ ತುದಿಯಿಂದ ಸಣ್ಣ ಚೌಕ. ಆಗ ಹೊಳಪೂ ಸಣ್ಣದಾಗುತ್ತದೆ, ನೆರಳಿನ ಅಂಚೂ ಗಡುಸಾಗುತ್ತದೆ. ನೆರಳಿನ ಅಂಚನ್ನು ನೋಡಿದರೆ ಇದು ಗೊತ್ತಾಗುತ್ತದೆ. ಚಾಕುವಿನಿಂದ ಕತ್ತರಿಸಿದ ಹಾಗಿದ್ದರೆ ಇನ್ನೂ ಹತ್ತಿರ ತನ್ನಿ, ಇಲ್ಲವೇ ಪಂಚೆ ಕಟ್ಟಿ.

ಕಿಟಕಿಯ ಎದುರು ಬದಿಯಲ್ಲಿ ಆಟಿಕೆ ಕಪ್ಪಾಗಿ ಕಾಣುತ್ತದೆ. ಆ ಕಡೆ ಒಂದು ಬಿಳಿ ಥರ್ಮೋಕೋಲ್ ಹಾಳೆಯನ್ನು ಒಂದು ಗೇಣು ದೂರದಲ್ಲಿ ನಿಲ್ಲಿಸಿದರೆ ಕಿಟಕಿಯ ಬೆಳಕು ಅದಕ್ಕೆ ತಾಗಿ ವಾಪಸ್ ಬರುತ್ತದೆ. ನೆರಳು ಪೂರ್ತಿ ಹೋಗುವಷ್ಟು ಹತ್ತಿರ ತರಬೇಡಿ. ಒಂದು ಬದಿ ಸ್ವಲ್ಪ ಗಾಢವಾಗಿದ್ದರೇ ಬಳೆಗೆ ದುಂಡುತನ ಬರುವುದು.

ಹಳದಿ ಬಳೆ ಯಾಕೆ ಹಸಿರಾಯಿತು

ಎರಡನೇ ದೋಷ ಬಣ್ಣದ್ದು. ಆ ಹಳದಿ ಬಳೆಗೆ ಹಾಕಿದ್ದು ಅರಿಸಿನದ ಬಣ್ಣ. ಫೋಟೋದಲ್ಲಿ ಅದು ಒಂದು ಬದಿ ಹಸಿರು ಮಿಶ್ರಿತ, ಇನ್ನೊಂದು ಬದಿ ಕಿತ್ತಳೆ ಮಿಶ್ರಿತ. ನೆರಳೂ ಎರಡಿತ್ತು, ಒಂದು ತಣ್ಣಗಿನ ನೀಲಿ ಛಾಯೆ, ಒಂದು ಕಂದು ಛಾಯೆ. ಎರಡು ಬಣ್ಣದ ನೆರಳು ಕಂಡರೆ ಎರಡು ಜಾತಿಯ ಬೆಳಕು ಬೆರೆತಿದೆ ಎಂದೇ ಅರ್ಥ. ಕೇಳಿದಾಗ ಅವನು ಹೇಳಿದ, ಟ್ಯೂಬ್‌ಲೈಟ್ ಜೊತೆ ಮೇಜಿನ ಮೇಲೆ ಹಳದಿ ಬಲ್ಬೂ ಇತ್ತಂತೆ, ‘ಬೆಳಕು ಸಾಲಲ್ಲ ಅಂತ’ ಹಾಕಿದ್ದನಂತೆ.

ನಮ್ಮ ಕಣ್ಣು ಇದನ್ನು ಸರಿ ಮಾಡಿಕೊಂಡು ನೋಡುತ್ತದೆ. ಫೋನ್ ಇಡೀ ಚಿತ್ರಕ್ಕೆ ಸಾಮಾನ್ಯವಾಗಿ ಒಂದೇ ತಿದ್ದುಪಡಿ ಹಾಕುತ್ತದೆ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಬಿಳಿ ಟ್ಯೂಬ್‌ಲೈಟ್ ಸಾಮಾನ್ಯವಾಗಿ ಸುಮಾರು 6500, ಹಳದಿ ಬಲ್ಬು ಸುಮಾರು 2700. ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಎಡಿಟಿಂಗ್‌ನಲ್ಲಿ ಬಲಗಡೆಯ ಕಿತ್ತಳೆ ತೆಗೆಯಲು ಹೋದರೆ ಎಡಗಡೆ ಇನ್ನೂ ನೀಲಿಯಾಗುತ್ತದೆ. ಹಾಗಾಗಿ ಬೆಳಕು ಕಡಿಮೆಯಾದರೂ ಪರವಾಗಿಲ್ಲ, ಒಂದೇ ಜಾತಿಯದಿರಲಿ. ಕಡಿಮೆ ಬೆಳಕಿಗೆ ಫೋನನ್ನು ಡಬ್ಬದ ಮೇಲೆ ಒರಗಿಸಿ, 3 ಸೆಕೆಂಡ್ ಟೈಮರ್ ಹಾಕಿದರೆ ಅಲುಗಾಟ ಬರುವುದಿಲ್ಲ.

ಬಣ್ಣ ಸರಿಯಿದೆಯೇ ಎಂದು ನೋಡಲು ಮೊದಲ ಫೋಟೋದಲ್ಲಿ ಆಟಿಕೆಯ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಕಾಗದ ನೀಲಿಯಾಗಿಯೋ ಹಳದಿಯಾಗಿಯೋ ಕಂಡರೆ ಅದು ಬಿಳಿಯಾಗುವವರೆಗೆ ಎಡಿಟ್‌ನಲ್ಲಿ ತಿದ್ದಿ, ಅದೇ ತಿದ್ದುಪಡಿಯನ್ನು ಮುಂದಿನ ಫೋಟೋಗಳಿಗೂ ಹಾಕಿ. ಆಮೇಲೆ ಆಟಿಕೆಯನ್ನು ಫೋನಿನ ಪಕ್ಕ ಹಿಡಿದು ಕಣ್ಣಲ್ಲಿ ಹೋಲಿಸಿ. ಬಣ್ಣ ಜಾಸ್ತಿ ಮಾಡುವ ಗುಂಡಿಯ ಬಗ್ಗೆ ನನಗೆ ನಿಜಕ್ಕೂ ಭಯ. ಕೆಂಪು ಬಳೆಯಲ್ಲಿ ಅದರ ಪರಿಣಾಮ ಬೇಗ ಕಾಣುತ್ತದೆ. ಉಬ್ಬು ತಗ್ಗು ಎಲ್ಲ ಮಾಯವಾಗಿ ಒಂದೇ ಕೆಂಪು ಬಿಲ್ಲೆ ಅಂಟಿಸಿದ ಹಾಗಾಗುತ್ತದೆ. ಅದೂ ಅಲ್ಲದೆ, ಫೋಟೋದಲ್ಲಿ ಕಂಡ ಬಣ್ಣ ಪೆಟ್ಟಿಗೆಯಲ್ಲಿ ಬರದಿದ್ದರೆ ಕೊಂಡವರು ಸಾಮಾನು ವಾಪಸ್ ಕಳಿಸುತ್ತಾರೆ, ಸಾಗಣೆಯ ಖರ್ಚು ಆ ಮನೆಯ ಮೇಲೆ ಬೀಳುತ್ತದೆ.

ಇನ್ನೊಂದು ಸಣ್ಣ ವಿಷಯ. ಇಡೀ ಫೋಟೋ ಮಂಜು ಕವಿದ ಹಾಗಿದ್ದು, ಬೆಳಕಿನ ಸುತ್ತ ಹೊಗೆಯಂಥ ವರ್ತುಲ ಇದ್ದರೆ ಬೆಳಕನ್ನು ಬೈಯುವ ಮೊದಲು ಲೆನ್ಸ್ ಒರೆಸಿ. ಕಾರ್ಖಾನೆಯಲ್ಲಿ ಅರಗು, ಮರದ ಪುಡಿ ಮುಟ್ಟಿದ ಕೈಯಲ್ಲೇ ಫೋನ್ ಹಿಡಿಯುತ್ತಾರಲ್ಲ.

ಗೋಪುರ ಯಾಕೆ ಗೋಪುರದ ಹಾಗಿಲ್ಲ

ಈ ದೋಷವನ್ನು ಹಿಡಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಫೋಟೋದಲ್ಲಿ ಬಳೆಗಳೆಲ್ಲ ಒಂದೇ ಅಳತೆಯವು ಎನ್ನಿಸಿತು. ಕೆಳಗೆ ದೊಡ್ಡದು, ಮೇಲೆ ಹೋದ ಹಾಗೆ ಸಣ್ಣದು, ಅದೇ ತಾನೇ ಈ ಆಟದ ತಿರುಳು? ಮಗು ಕಲಿಯುವುದೇ ಆ ವ್ಯತ್ಯಾಸವನ್ನು. ಅದೇ ಕಾಣದಿದ್ದರೆ ಕೊಳ್ಳುವ ತಾಯಿಗೆ ಇದು ಏನೆಂದೇ ಅರ್ಥವಾಗುವುದಿಲ್ಲ.

ಅಳತೆ ಕೇಳಿದೆ. ಕೆಳಗಿನ ಬಳೆ 7 ಸೆಂ.ಮೀ., ಮೇಲಿನದು 4.5. ಅವನು ನಿಂತುಕೊಂಡು, ಫೋನನ್ನು ಮೇಲಿನಿಂದ ಓರೆಯಾಗಿ ಬಗ್ಗಿಸಿ, ತೀರಾ ಹತ್ತಿರದಿಂದ ತೆಗೆದಿದ್ದ. ಫೋನಿಗೆ ಮೇಲಿನ ಬಳೆ ಸುಮಾರು 25 ಸೆಂ.ಮೀ. ದೂರ, ಕೆಳಗಿನದು ಸುಮಾರು 38. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. 38ನ್ನು 25ರಿಂದ ಭಾಗಿಸಿದರೆ ಸುಮಾರು ಒಂದೂವರೆ. ಅಂದರೆ ಕೆಳಗಿನ ಬಳೆಗೆ ಹೋಲಿಸಿದರೆ ಮೇಲಿನ ಬಳೆ ಒಂದೂವರೆ ಪಟ್ಟು ದೊಡ್ಡದಾಗಿ ಬಿದ್ದಿದೆ. 4.5 ಸೆಂ.ಮೀ. ಬಳೆ 6.8ರ ಹಾಗೆ ಕಂಡಿದೆ, ಕೆಳಗಿನ 7ಕ್ಕೆ ಸಮ. ಗೋಪುರ ಕಂಬವಾಗಿಬಿಟ್ಟಿದೆ.

ಇದನ್ನು ಕ್ರಾಪ್ ಮಾಡಿಯೂ ಸರಿಪಡಿಸಲು ಆಗುವುದಿಲ್ಲ. ಫೋನನ್ನು ಗೋಪುರದ ನಡುಮಟ್ಟಕ್ಕೆ ಇಳಿಸಬೇಕು, ಒಂದು ಮೀಟರ್ ಹಿಂದಕ್ಕೆ ಹೋಗಬೇಕು, ತೆರೆಯ ಮೇಲೆ 2x ಒತ್ತಬೇಕು. ಆಗ ಮೇಲಿನ ಬಳೆ, ಕೆಳಗಿನ ಬಳೆ ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ, ಅವುಗಳ ನಿಜವಾದ ಅಳತೆಯೇ ಫೋಟೋದಲ್ಲಿ ಬರುತ್ತದೆ. ಬಳೆಯ ಮೇಲ್ಭಾಗವೂ ಸ್ವಲ್ಪ ಕಾಣಬೇಕು ಎನ್ನಿಸಿದರೆ ಫೋನನ್ನು ನಾಲ್ಕು ಬೆರಳು ಮೇಲೆತ್ತಿ, ಅಷ್ಟು ಸಾಕು. ಪೋರ್ಟ್ರೇಟ್ ಮೋಡ್ ಬೇಡ. ಅದು ಹಿಂದಿನದನ್ನು ಮಸುಕು ಮಾಡುವಾಗ ನಡುವಿನ ಕಡ್ಡಿಯ ತುದಿಯನ್ನೂ ಬಳೆಯ ಅಂಚನ್ನೂ ತಿಂದುಹಾಕುತ್ತದೆ.

ಬೆಳಕಿನ ಮಟ್ಟವನ್ನೂ ಇಲ್ಲೇ ಕಟ್ಟಿಹಾಕಬೇಕು. ಬಳೆಯ ಹೊಳಪಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಐಫೋನ್‌ನಲ್ಲಿ AE/AF LOCK ಎಂದು ಬರುತ್ತದೆ, ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಬೀಗದ ಗುರುತು ಕಾಣುತ್ತದೆ. ಆಮೇಲೆ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ, ಹೊಳಪಿನೊಳಗೆ ಬಣ್ಣದ ಸುಳಿವು ಕಾಣುವವರೆಗೆ. ಇಡೀ ಚಿತ್ರ ಸ್ವಲ್ಪ ಕತ್ತಲಾಗಿ ಕಂಡರೂ ಹೆದರಬೇಡಿ. ಕತ್ತಲನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳುಪನ್ನು ತರಲಾಗದು.

ಹಿನ್ನೆಲೆ

ಫೋಟೋದಲ್ಲಿ ಹೂವಿನ ಬೆಡ್‌ಶೀಟ್ ಇತ್ತು. ಹೂವು ಕಣ್ಣನ್ನು ಎಳೆಯುತ್ತದೆ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಬೇಗ ಗೊತ್ತಾಗದ ಸಂಗತಿ ಇನ್ನೊಂದಿದೆ: ಬೆಡ್‌ಶೀಟಿನ ಗುಲಾಬಿ ಬಣ್ಣ ಬಳೆಗಳ ಕೆಳಭಾಗಕ್ಕೆ ಹತ್ತಿತ್ತು. ಹೊಳೆಯುವ ವಸ್ತುವಿಗೆ ಹಿನ್ನೆಲೆ ಹಿಂದೆ ಮಾತ್ರ ಇರುವುದಿಲ್ಲ, ಅದರ ಮೈಮೇಲೂ ಇರುತ್ತದೆ. ಹಿನ್ನೆಲೆಯನ್ನು ಆ್ಯಪ್‌ನಲ್ಲಿ ಕತ್ತರಿಸಿ ಬಿಳಿ ಹಾಕಿದರೂ ಆ ಗುಲಾಬಿ ಬಳೆಯ ಮೇಲೆ ಉಳಿದು, ಏನೋ ಅಂಟಿಸಿದ ಹಾಗೆ ಕಾಣುತ್ತದೆ.

ಸ್ಟೇಷನರಿ ಅಂಗಡಿಯ ಒಂದು ಬಿಳಿ ಚಾರ್ಟ್ ಪೇಪರ್ ಸಾಕು. ಅದರ ಒಂದು ತುದಿಯನ್ನು ಗೋಡೆಗೆ ಟೇಪ್ ಹಾಕಿ, ಉಳಿದದ್ದನ್ನು ಮೇಜಿನ ಮೇಲೆ ಮಡಿಕೆ ಬೀಳದಂತೆ ಬಾಗಿಸಿ ಬಿಡಿ. ಗೋಡೆ, ಮೇಜು ಸೇರುವ ಗೆರೆ ಕಾಣುವುದಿಲ್ಲ. ಆಟಿಕೆಯನ್ನು ಬಾಗಿನಿಂದ ಆದಷ್ಟು ಮುಂದೆ ಇಡಿ. ಬಿಳಿ ಕಾಗದ ಫೋಟೋದಲ್ಲಿ ಬೂದಾಗಿ ಬಂದರೆ ಕಾಗದದ ತಪ್ಪಲ್ಲ. ನಾವೇ ಬೆಳಕು ಇಳಿಸಿದ್ದೇವೆ, ಫೋನೂ ತುಂಬ ಬಿಳುಪು ಕಂಡರೆ ತಾನಾಗಿಯೇ ಇಳಿಸುತ್ತದೆ. ವಾಟ್ಸಾಪ್ ಗ್ರೂಪಿಗೆ ಆ ತಿಳಿಬೂದು ಚೆನ್ನಾಗಿಯೇ ಇರುತ್ತದೆ. ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ಮಾತ್ರ ಹಿನ್ನೆಲೆ ಅಪ್ಪಟ ಬಿಳಿ, ಮೂರೂ ಅಂಕೆ 255 ಇರಬೇಕು. ಅದಕ್ಕೆ ಎಡಿಟ್‌ನಲ್ಲಿ ಹಿನ್ನೆಲೆಯನ್ನಷ್ಟೇ ಆರಿಸಿ ಬಿಳುಪಾಗಿಸಿ. ಬುಡಕ್ಕೆ ತಾಗಿದ ಸಣ್ಣ ನೆರಳನ್ನು ಬಿಡಿ. ಅದೂ ಹೋದರೆ ಗೋಪುರ ಗಾಳಿಯಲ್ಲಿ ತೇಲುತ್ತದೆ.

ಅಪ್ಪಟ ಬಿಳಿಯ ಮೇಲೆ ಹಳದಿ ಬಳೆಯ ಅಂಚು ಕರಗಿಹೋಗುತ್ತದೆ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ಕಪ್ಪು ಕಾಗದದ ಎರಡು ಪಟ್ಟಿಯನ್ನು ಆಟಿಕೆಯ ಎಡಬಲಕ್ಕೆ, ಫೋಟೋದ ಚೌಕಟ್ಟಿಗೆ ಸ್ವಲ್ಪ ಹೊರಗೆ ನಿಲ್ಲಿಸಿ. ಕಿಟಕಿಯ ಕಡೆಯ ಪಟ್ಟಿ ಕಿರಿದಾಗಿರಲಿ, ಬೆಳಕಿಗೆ ಅಡ್ಡ ಬರಬಾರದು. ಬಳೆಯ ಎರಡೂ ಅಂಚಿನಲ್ಲಿ ತೆಳ್ಳಗೆ ಒಂದು ಕಪ್ಪು ಗೆರೆ ಪ್ರತಿಬಿಂಬವಾಗಿ ಬಿದ್ದು, ಪೆನ್ಸಿಲ್‌ನಲ್ಲಿ ಗೀಟು ಹಾಕಿದ ಹಾಗೆ ಆಕಾರ ಎದ್ದು ಬರುತ್ತದೆ.

ಕ್ರಾಪ್ ಕೊನೆಗೆ

ಅವನು ಕಳಿಸಿದ ಫೋಟೋ ನನಗೆ ಬಂದಾಗ 1600 ಪಿಕ್ಸೆಲ್ ಎತ್ತರ ಇತ್ತು. ಫೋನಿನಲ್ಲಿ ಅದೇ ಫೋಟೋ 4000. ವಾಟ್ಸಾಪ್ ದಾರಿಯಲ್ಲಿ ಕುಗ್ಗಿಸಿತ್ತು. ಗೋಪುರ ಆ ಎತ್ತರದ ಮೂರನೇ ಒಂದು ಭಾಗ ಮಾತ್ರ ತುಂಬಿತ್ತು. ಲೆಕ್ಕ ಹಾಕಿದರೆ ಆಟಿಕೆಗೆ ಉಳಿದದ್ದು ಸುಮಾರು 530 ಪಿಕ್ಸೆಲ್. ಅಮೆಜಾನ್‌ನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಲು ಉದ್ದದ ಬದಿ ಕನಿಷ್ಠ 1000 ಬೇಕು, ವಸ್ತು ಚೌಕಟ್ಟಿನ 85 ಪ್ರತಿಶತದಷ್ಟು ತುಂಬಿರಬೇಕು. ಬಿಗಿಯಾಗಿ ಕ್ರಾಪ್ ಮಾಡಿ ಎಳೆದು ಹಿಗ್ಗಿಸಿದ್ದರೆ ಮಸುಕಾಗುತ್ತಿತ್ತು. ‘ಹೊಸ ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸು’ ಎಂದೆ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಆಗ ಅದೇ ಮೂರನೇ ಒಂದು ಭಾಗದಲ್ಲಿ 1330 ಪಿಕ್ಸೆಲ್ ಇರುತ್ತದೆ.

ತೆಗೆಯುವಾಗ ಸುತ್ತ ಸ್ವಲ್ಪ ಜಾಗ ಬಿಟ್ಟೇ ತೆಗೆಯಲಿ. ಒಂದೇ ಫೋಟೋದಿಂದ ಎರಡು ಕ್ರಾಪ್ ಮಾಡಬಹುದು. ಅಮೆಜಾನ್‌ಗೆ ಬಿಗಿಯಾದ ಚೌಕ. ಗ್ರೂಪಿಗೆ ನಿಂತ ಆಯತ, 4:5. ಅದರಲ್ಲಿ ಮೇಲೆ ಜಾಗ ಜಾಸ್ತಿ ಇರಲಿ, ಬೆಲೆ ಬರೆಯಲು ಬೇಕಾಗುತ್ತದೆ. ಕ್ರಾಪ್ ಮಾಡುವ ಮೊದಲು ನಡುವಿನ ಕಡ್ಡಿ ನೆಟ್ಟಗಿದೆಯೇ ನೋಡಿ. ಒಂದು ಡಿಗ್ರಿ ವಾಲಿದರೂ ಗೋಪುರ ಬೀಳುವ ಹಾಗೆ ಕಾಣುತ್ತದೆ.

ಎರಡನೇ ಫೋಟೋ

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೊಸ ಫೋಟೋ ಬಂತು. ಪಂಚೆ ಕಟ್ಟಿದ ಕಿಟಕಿ ಪ್ರತಿ ಬಳೆಯ ಎಡಬದಿಯಲ್ಲಿ ಅಗಲವಾಗಿ, ಮೆತ್ತಗೆ ಬಿದ್ದಿತ್ತು. ಕೆಂಪು ಬಳೆಯಲ್ಲಿ ಲೇತ್‌ನ ಸಣ್ಣ ಗೆರೆ ಕಾಣುತ್ತಿತ್ತು. ಗೋಪುರ ಕೆಳಗೆ ಅಗಲ, ಮೇಲೆ ಕಿರಿದು. ಅವನ ಧ್ವನಿ ಸಂದೇಶವೂ ಇತ್ತು: ‘ಅಕ್ಕಾ, ಎಲ್ಲ ನೀವು ಹೇಳಿದ ಹಾಗೇ ಮಾಡಿದೀನಿ. ಆದ್ರೆ ಹಳದಿ ಬಳೆ ನಡುವೆ ಕೆಂಪಗೆ ಏನೋ ಇದೆ. ಒರೆಸಿದ್ರೂ ಹೋಗ್ತಿಲ್ಲ.’

ದೊಡ್ಡದು ಮಾಡಿ ನೋಡಿದೆ. ಕೆಂಪು ಬಳೆಯ ಪ್ರತಿಬಿಂಬ ಇರಬಹುದೇ ಎಂದುಕೊಂಡೆ. ಆದರೆ ಅದು ಕೆಳಗಿತ್ತು, ಮಚ್ಚೆ ಇದ್ದದ್ದು ಹಳದಿ ಬಳೆಯ ನಟ್ಟನಡುವೆ, ಫೋನಿನ ನೇರಕ್ಕೆ. ‘ನೀನು ಯಾವ ಬಣ್ಣದ ಅಂಗಿ ಹಾಕಿದೀಯಪ್ಪ?’ ಎಂದು ಕೇಳಿದೆ. ಕೆಂಪು ಟೀ ಶರ್ಟ್. ಅಪ್ಪನ ಬಿಳಿ ಅಂಗಿ ಹಾಕಿಕೊಂಡು ಮತ್ತೊಮ್ಮೆ ತೆಗೆದ, ಮಚ್ಚೆ ಹೋಯಿತು.